ಸಿಮ್ ಬಂತು, ಕೋಡ್ ಬರಲಿಲ್ಲ

ಶುಕ್ರವಾರ ರಾತ್ರಿ ಬೆಂಗಳೂರಿನಿಂದ ಶಿವಮೊಗ್ಗಕ್ಕೆ ಬರುವ ಬಸ್ಸಿನಲ್ಲಿ ನನ್ನ ಫೋನ್ ಹೋಯಿತು. ತಿಪಟೂರು ದಾಟಿ ಟೀ ಕುಡಿಯಲು ನಿಲ್ಲಿಸಿದಾಗ ಕೈಯಲ್ಲಿತ್ತು, ಅಷ್ಟು ನೆನಪಿದೆ. ಮನೆಗೆ ಬಂದು ಚಾರ್ಜಿಗೆ ಹಾಕೋಣ ಅಂತ ಬ್ಯಾಗಿಗೆ ಕೈ ಹಾಕಿದರೆ ಇಲ್ಲ. ಅಮ್ಮನ ಫೋನಿನಿಂದ ಕರೆ ಮಾಡಿದೆ. ಸ್ವಿಚ್ ಆಫ್.

ರಾತ್ರಿಯೇ ಬ್ಯಾಂಕಿಗೆ ಫೋನ್ ಮಾಡಿ ಯುಪಿಐ ನಿಲ್ಲಿಸಿದೆ, ಸಿಮ್ ಬ್ಲಾಕ್ ಮಾಡಿಸಿದೆ. ಬೆಳಗ್ಗೆ ಪೊಲೀಸರ ಇ-ಲಾಸ್ಟ್‌ನಲ್ಲಿ ದೂರು ಕೊಟ್ಟು, ಅದರ ಪ್ರತಿ ಹಿಡಿದುಕೊಂಡು ಅಂಗಡಿಗೆ ಹೋದೆ. ಆಧಾರ್ ತೋರಿಸಿ, ಬೆರಳಚ್ಚು ಕೊಟ್ಟು ಅದೇ ನಂಬರಿನ ಹೊಸ ಸಿಮ್ ತಗೊಂಡೆ. ಡ್ರಾಯರಿನಲ್ಲಿ ಸುಮ್ನೆ ಬಿದ್ದಿದ್ದ ಹಳೇ ಫೋನಿಗೆ ಹಾಕಿದೆ. ಮಧ್ಯಾಹ್ನದ ಹೊತ್ತಿಗೆ ಸಿಗ್ನಲ್ ಬಂತು. ಸದ್ಯ, ಮುಗೀತು ಅಂದುಕೊಂಡೆ.

ಆ ಹಳೇ ಫೋನಿನಲ್ಲಿ ಗೂಗಲ್ ಆಥೆಂಟಿಕೇಟರ್ ಹಾಕಿ ತೆರೆದೆ. ಲಾಗಿನ್ ಆಗುವಾಗ ಪಾಸ್‌ವರ್ಡ್ ಆದ ಮೇಲೆ ಎರಡನೇ ಹಂತವಾಗಿ ಕೇಳುವ ಕೋಡ್ ತೋರಿಸುವ ಆ್ಯಪ್ ಅದು. ಪರದೆ ಖಾಲಿ. ಕಳೆದುಹೋದ ಫೋನಿನಲ್ಲಿ ಹನ್ನೊಂದು ಖಾತೆಗಳ ಸಾಲು ಇತ್ತು, ಪ್ರತಿ ಸಾಲಿನಲ್ಲೂ ಆರು ಅಂಕಿ. ಇಲ್ಲಿ ಒಂದೂ ಇಲ್ಲ. ಕೆಳಗೆ ಹೊಸ ಖಾತೆ ಸೇರಿಸುವ ಕೂಡಿಸು ಗುರುತು ಒಂದೇ. ನನ್ನ ನಂಬರ್ ವಾಪಸ್ ಬಂದಿತ್ತು, ನನ್ನ ಕೋಡ್‌ಗಳು ಬಂದಿರಲಿಲ್ಲ.

ಹುಬ್ಬಳ್ಳಿಯಲ್ಲಿರುವ ದೊಡ್ಡಪ್ಪನ ಮಗನಿಗೆ ಫೋನ್ ಮಾಡಿದೆ. ಅವನು ನೆಟ್‌ವರ್ಕ್ ಕೆಲಸದವನು. "ಅಣ್ಣ, ನಂಬರ್ ಅದೇ ಇದೆ, ಆದ್ರೂ ಯಾಕೆ ಬರ್ತಿಲ್ಲ?" ಅಂದೆ.

"ನಂಬರಿಗೂ ಅದಕ್ಕೂ ಸಂಬಂಧವೇ ಇಲ್ಲ ಪುಟ್ಟಿ," ಅಂದ. ನಿಧಾನವಾಗಿ ಬಿಡಿಸಿ ಹೇಳಿದ. ನಾವು ಮೊದಲ ಸಲ ಕ್ಯೂಆರ್ ಸ್ಕ್ಯಾನ್ ಮಾಡಿದಾಗ ಒಂದು ಗುಟ್ಟಿನ ಕೀ ಫೋನಿನೊಳಗೆ ಬಂದು ಕೂರುತ್ತದೆ. ಅದೇ ಕೀ ಆ ವೆಬ್‌ಸೈಟಿನ ಹತ್ತಿರವೂ ಇರುತ್ತದೆ. ಆಮೇಲೆ ಫೋನು ಆ ಕೀ ಮತ್ತು ಆಗಿನ ಸಮಯ ಎರಡನ್ನೂ ಸೇರಿಸಿ ಲೆಕ್ಕ ಹಾಕಿ 30 ಸೆಕೆಂಡಿಗೊಮ್ಮೆ ಆರು ಅಂಕಿ ತೋರಿಸುತ್ತದೆ. ವೆಬ್‌ಸೈಟೂ ಅದೇ ಲೆಕ್ಕ ಹಾಕುತ್ತದೆ, ಎರಡೂ ತಾಳೆಯಾದರೆ ಒಳಗೆ ಬಿಡುತ್ತದೆ. ಇಬ್ಬರ ಮನೆಯಲ್ಲೂ ಒಂದೇ ಪಂಚಾಂಗ ಇದ್ದರೆ ಇಬ್ಬರೂ ಅದೇ ತಿಥಿ ಹೇಳುತ್ತಾರಲ್ವಾ, ಹಾಗೆ. ಒಬ್ಬರನ್ನೊಬ್ಬರು ಕೇಳಬೇಕಾಗಿಲ್ಲ. ಅದಕ್ಕೇ ಈ ಆ್ಯಪ್ ನೆಟ್ ಇಲ್ಲದಿದ್ದರೂ, ಸಿಮ್ ಇಲ್ಲದಿದ್ದರೂ ಕೆಲಸ ಮಾಡುತ್ತದೆ. ಅದಕ್ಕೇ ಹೊಸ ಸಿಮ್ ಏನನ್ನೂ ವಾಪಸ್ ತರುವುದಿಲ್ಲ. ನನ್ನ ಪಂಚಾಂಗ ಬಸ್ಸಿನಲ್ಲಿ ಉಳಿದಿತ್ತು.

2023ರಿಂದ ಈ ಆ್ಯಪ್ ಕೀಗಳನ್ನು ಗೂಗಲ್ ಖಾತೆಗೆ ಸಿಂಕ್ ಮಾಡಬಲ್ಲದು. ಮಾಡಿಕೊಂಡಿದ್ದರೆ ಹೊಸ ಫೋನಿನಲ್ಲಿ ಗೂಗಲ್ ಖಾತೆಗೆ ಸೇರಿದ ಕೂಡಲೇ ಹನ್ನೊಂದೂ ಬಂದು ನಿಲ್ಲುತ್ತಿದ್ದವು. ನಾನು ಖಾತೆ ಇಲ್ಲದೆ ಬಳಸುವ ಆಯ್ಕೆ ಒತ್ತಿದ್ದೆ. ಮೇಲೆ ಮೂಲೆಯಲ್ಲಿ ಗೀಟು ಹೊಡೆದ ಮೋಡದ ಚಿತ್ರ ದಿನಾ ಕಾಣುತ್ತಿತ್ತು. ಅದರ ಅರ್ಥ ಏನಂತ ನಾನು ಯೋಚಿಸಿಯೇ ಇರಲಿಲ್ಲ.

ಅಣ್ಣ ಮುಂದೆ ಕೇಳಿದ ಪ್ರಶ್ನೆಯೇ ನನ್ನನ್ನು ಉಳಿಸಿದ್ದು. "ಲ್ಯಾಪ್‌ಟಾಪ್‌ನಲ್ಲಿ ಜಿಮೇಲ್ ತೆರೆದಿದೆಯಾ?"

ತೆರೆದಿತ್ತು. ಆ ಹೊತ್ತಿಗೆ ನಾನು ಎಲ್ಲಾ ಕಡೆ ಪಾಸ್‌ವರ್ಡ್ ಬದಲಾಯಿಸಿ, ಎಲ್ಲಾ ಕಡೆಯಿಂದ ಲಾಗೌಟ್ ಆಗುವ ಯೋಚನೆಯಲ್ಲಿದ್ದೆ. ಫೋನ್ ಕಳ್ಳರ ಕೈಗೆ ಸಿಕ್ಕಿದೆ ಅನ್ನುವ ಗಾಬರಿಯಲ್ಲಿ ಯಾರಿಗಾದರೂ ಮೊದಲು ತೋಚುವುದು ಅದೇ. "ಬೇಡ, ಏನೂ ಮುಟ್ಟಬೇಡ," ಅಂದ. "ಲಾಗೌಟ್ ಆಗಬೇಡ. ಬ್ರೌಸರಿನ ಕುಕೀಸ್ ಅಳಿಸಬೇಡ. ಫೋನಿಗೆ ಸ್ಕ್ರೀನ್ ಲಾಕ್ ಇದೆಯಲ್ಲ, ದೂರದಿಂದ ಲಾಕ್ ಮಾಡಿಡು, ಅಳಿಸೋದು ಆಮೇಲೆ ನೋಡೋಣ. ಅಳಿಸಿಬಿಟ್ಟರೆ ನಾಳೆ ಫೋನ್ ಸಿಕ್ಕರೂ ಕೀಗಳು ಇರಲ್ಲ." ಪಿನ್ ಇಲ್ಲದ ಫೋನಾಗಿದ್ದರೆ ಈ ಮಾತು ಬೇರೆಯೇ ಆಗುತ್ತಿತ್ತು, ಆಗ ಅಳಿಸುವುದೇ ಸರಿ. ನನ್ನದಕ್ಕೆ ಆರು ಅಂಕಿಯ ಪಿನ್ ಇತ್ತು.

ತೆರೆದಿದ್ದ ಆ ಇನ್‌ಬಾಕ್ಸ್ ಎಷ್ಟು ದೊಡ್ಡದು ಅನ್ನುವುದು ಆಮೇಲೆ ಗೊತ್ತಾಯಿತು. ಬೇರೆ ಖಾತೆಗಳೆಲ್ಲ ಗುರುತು ಕೇಳಲು ಮೇಲ್ ಕಳಿಸುವುದು ಅಲ್ಲಿಗೇ. ಅದು ಮುಚ್ಚಿಹೋಗಿದ್ದರೆ ಗೂಗಲ್‌ನ ಖಾತೆ ಮರಳಿಸುವ ಪುಟದಿಂದ ಶುರು ಮಾಡಬೇಕಿತ್ತು. ಅಲ್ಲೂ ಮೊದಲು ಬಳಸಿದ್ದ ಕಂಪ್ಯೂಟರ್, ಅದೇ ಬ್ರೌಸರ್, ಎಂದಿನ ಜಾಗ ಇದ್ದರೆ ಕೆಲಸ ಹಗುರ. ಹೊಸ ಫೋನಿನಲ್ಲಿ, ಯಾವುದೋ ಸೈಬರ್ ಕೆಫೆಯಲ್ಲಿ ಕೂತು ಪ್ರಯತ್ನಿಸಿದರೆ ನಾವು ನಾವೇ ಅಂತ ನಂಬಿಸುವುದು ಕಷ್ಟ.

ಗೂಗಲ್ ಖಾತೆಯ ಎರಡನೇ ಹಂತವನ್ನು ಡ್ರಾಯರಿನ ಹಳೇ ಫೋನಿಗೆ ಬದಲಾಯಿಸಲು ಹೋದೆ. ಪಾಸ್‌ವರ್ಡ್ ಕೇಳಿತು, ಆಮೇಲೆ ಕೋಡ್ ಕೇಳಿತು. ಕೆಳಗೆ `Try another way` ಅಂತ ಇರುತ್ತದಲ್ಲ, ಅದನ್ನು ಒತ್ತಿದೆ. ಕಳೆದುಹೋದ ಫೋನಿನಲ್ಲಿ `Yes` ಒತ್ತುವುದು ಒಂದು ದಾರಿ, ಅದು ಆಗದ ಮಾತು. ಮೊದಲೇ ತೆಗೆದಿಟ್ಟುಕೊಳ್ಳುವ ಎಂಟು ಅಂಕಿಯ ಬ್ಯಾಕಪ್ ಕೋಡ್ ಇನ್ನೊಂದು. ಎಸ್‌ಎಂಎಸ್ ಮತ್ತೊಂದು.

ಬ್ಯಾಕಪ್ ಕೋಡ್ ನನ್ನ ಹತ್ತಿರ ಇತ್ತು! ಹಳೇ ಡೈರಿಯ ರಟ್ಟಿನ ಹಿಂದೆ ಮಡಚಿಟ್ಟ ಪ್ರಿಂಟ್. ಹತ್ತು ಕೋಡ್, ಎರಡು ಸಾಲಿನಲ್ಲಿ. ಮೊದಲನೆಯದನ್ನು ಹೊಡೆದೆ, ತಪ್ಪು ಅಂತು. ಎರಡನೆಯದು, ಅದೂ ತಪ್ಪು. ಕೈ ನಡುಗಿತು. ಸ್ವಲ್ಪ ಹೊತ್ತು ಕೂತು ಯೋಚಿಸಿದಾಗ ನೆನಪಾಯಿತು: ಆ ಪ್ರಿಂಟ್ ಆದ ಮೇಲೆ ಯಾವಾಗಲೋ ಅದೇ ಪುಟಕ್ಕೆ ಹೋಗಿ ಹೊಸ ಕೋಡ್‌ಗಳನ್ನು ತೆಗೆದಿದ್ದೆ. ಹೊಸ ಹತ್ತು ಬಂದ ಕ್ಷಣವೇ ಹಳೇ ಹತ್ತು ಸತ್ತುಹೋಗುತ್ತವೆ. ಆ ಹೊಸ ಹತ್ತನ್ನು ಸ್ಕ್ರೀನ್‌ಶಾಟ್ ತೆಗೆದು ಇಟ್ಟಿದ್ದೆ, ಅದೇ ಫೋನಿನಲ್ಲಿ. ಪ್ರಿಂಟಿನ ಮೇಲೆ ತಾರೀಖು ಬರೆದಿದ್ದರೆ ನೋಡಿದ ಕೂಡಲೇ ತಿಳಿಯುತ್ತಿತ್ತು.

ಉಳಿದದ್ದು ಎಸ್‌ಎಂಎಸ್. ಕಳಿಸು ಅಂತ ಒತ್ತಿದೆ, ಬರಲಿಲ್ಲ. ಮತ್ತೆ ಒತ್ತಿದೆ, ಬರಲಿಲ್ಲ. ಕರೆ ಬರುತ್ತಿದೆ, ಎಸ್‌ಎಂಎಸ್ ಇಲ್ಲ. ಸಿಮ್ ಕೆಟ್ಟಿದೆ ಅಂದುಕೊಂಡು ಅಂಗಡಿಗೆ ಹೊರಟೇಬಿಟ್ಟಿದ್ದೆ. ಅಣ್ಣ ತಡೆದ. ನಮ್ಮ ದೇಶದಲ್ಲಿ ಸಿಮ್ ಬದಲಾಯಿಸಿದರೆ ಮೊದಲ 24 ಗಂಟೆ ಎಸ್‌ಎಂಎಸ್ ಬರುವುದೂ ಇಲ್ಲ, ಹೋಗುವುದೂ ಇಲ್ಲ. ಬೇರೆಯವರ ಹೆಸರಿನಲ್ಲಿ ಸಿಮ್ ತಗೊಂಡು ಓಟಿಪಿ ಕದಿಯುವವರನ್ನು ತಡೆಯಲು ಮಾಡಿದ ನಿಯಮ ಅದು. ಆ ಒಂದು ದಿನದಲ್ಲಿ ನಿಜವಾದ ಮಾಲೀಕರಿಗೆ ಗೊತ್ತಾಗಲಿ ಅಂತ. ಒಳ್ಳೆಯ ನಿಯಮವೇ, ನಾನು ಅದರ ಪರ. ಆದರೆ ಫೋನ್ ಕಳೆದುಕೊಂಡವರು ಈ ಒಂದು ದಿನವನ್ನು ಲೆಕ್ಕಕ್ಕೆ ಇಟ್ಟುಕೊಂಡಿರಬೇಕು. ಸರ್ಕಾರದ ಸಂಚಾರ್ ಸಾಥಿ ಪೋರ್ಟಲಿನಲ್ಲಿ ಫೋನಿನ ಗುರುತಿನ ನಂಬರಾದ ಐಎಂಇಐ ಬ್ಲಾಕ್ ಮಾಡಲೂ ಓಟಿಪಿ ಬೇಕು. ಫೋನಿನ ಡಬ್ಬಿಯ ಮೇಲಿದ್ದ ಐಎಂಇಐ ಬರೆದಿಟ್ಟುಕೊಂಡು ಅದಕ್ಕೂ ಕಾದೆ.

ಕಾಯುವ ಹೊತ್ತಿನಲ್ಲಿ ಗಿಟ್‌ಹಬ್ ಹಿಡಿದೆ. ನಾನು ನಾಲ್ಕೈದು ಅಂಗಡಿ, ಶಾಲೆಗಳ ವೆಬ್‌ಸೈಟ್ ನೋಡಿಕೊಳ್ಳುತ್ತೇನೆ, ಅವುಗಳ ಪ್ರೋಗ್ರಾಂ ಕೋಡ್ ಎಲ್ಲಾ ಅಲ್ಲೇ ಇದೆ. ಅಲ್ಲಿ ಎರಡನೇ ಹಂತ ಶುರು ಮಾಡುವಾಗ `github-recovery-codes.txt` ಅನ್ನುವ ಫೈಲ್ ಕೊಡುತ್ತಾರೆ, ಅದರಲ್ಲಿ 16 ಕೋಡ್ ಇರುತ್ತವೆ. ಲ್ಯಾಪ್‌ಟಾಪ್ ಪೂರ್ತಿ ಹುಡುಕಿದೆ. ಹಿಂದಿನ ವರ್ಷ ಫಾರ್ಮ್ಯಾಟ್ ಮಾಡಿಸಿದ್ದೆ, ಆಗ ಹೋಗಿತ್ತು.

ಇನ್ನೊಂದು ದಾರಿ ಇದೆ. ಪಾಸ್‌ವರ್ಡ್ ಕೊಟ್ಟ ಮೇಲೆ ಕೋಡ್ ಕೇಳುವ ಪುಟದಲ್ಲೇ ಖಾತೆ ಮರಳಿ ಪಡೆಯುವ ಲಿಂಕ್ ಇರುತ್ತದೆ. ಮೊದಲು ನಮ್ಮ ಮೇಲ್‌ಗೆ ಒಂದು ಸಲದ ಪಾಸ್‌ವರ್ಡ್ ಬರುತ್ತದೆ. ತೆರೆದಿದ್ದ ಜಿಮೇಲ್ ಇಲ್ಲಿ ಕೈ ಹಿಡಿಯಿತು. ಆಮೇಲೆ ನಾವೇ ಅಂತ ತೋರಿಸಲು ಇನ್ನೊಂದು ಗುರುತು ಕೊಡಬೇಕು: ಮೊದಲು ಲಾಗಿನ್ ಆಗಿದ್ದ ಕಂಪ್ಯೂಟರ್, ಇಲ್ಲವೇ ಕಂಪ್ಯೂಟರ್ ತನ್ನ ಗುರುತಾಗಿ ತೋರಿಸುವ, ಖಾತೆಗೆ ಸೇರಿಸಿದ ಎಸ್‌ಎಸ್‌ಎಚ್ ಕೀ, ಇಲ್ಲವೇ ಪಾಸ್‌ವರ್ಡ್ ಬದಲು ಬಳಸುವ ಪರ್ಸನಲ್ ಆ್ಯಕ್ಸೆಸ್ ಟೋಕನ್. ಲ್ಯಾಪ್‌ಟಾಪ್ ಅದೇ ಆಗಿದ್ದರಿಂದ ನನಗೆ ಮೊದಲನೆಯದೇ ಸಾಕಾಯಿತು. ಅಲ್ಲಿಂದ ಮುಂದೆ ಮನುಷ್ಯರು ಪರಿಶೀಲಿಸುತ್ತಾರೆ, ಮೂರು ಕೆಲಸದ ದಿನದೊಳಗೆ ಉತ್ತರ. ಶನಿವಾರ, ಭಾನುವಾರ ಲೆಕ್ಕಕ್ಕಿಲ್ಲ. ಈ ಯಾವ ಗುರುತೂ ಇಲ್ಲದವರಿಗೆ ಗಿಟ್‌ಹಬ್‌ನವರು ಖಾತೆ ಬಿಡಿಸಿಕೊಡುವುದಿಲ್ಲ. ಮೇಲ್ ವಿಳಾಸವನ್ನು ಹಳೇ ಖಾತೆಯಿಂದ ಬೇರೆ ಮಾಡಿಕೊಡಬಹುದು, ಅದರಿಂದ ಹೊಸ ಖಾತೆ ತೆರೆಯಬಹುದು, ಅಷ್ಟೇ. ಅಳುವ ಹುಡುಗಿಯ ದನಿ ಕೇಳಿ ಬಾಗಿಲು ತೆಗೆದರೆ ಅದೇ ದನಿಯಲ್ಲಿ ಕಳ್ಳನೂ ಬರುತ್ತಾನೆ. ಅದು ಅರ್ಥವಾದ ಮೇಲೆ ನನಗೆ ಸಿಟ್ಟು ಬರಲಿಲ್ಲ, ಭಯ ಮಾತ್ರ ಇತ್ತು.

ಭಾನುವಾರ ಮಧ್ಯಾಹ್ನ ಒಂದು ಗಂಟೆ ದಾಟಿದ ಮೇಲೆ ಮೊದಲ ಎಸ್‌ಎಂಎಸ್ ಬಂತು, ಯಾವುದೋ ರೀಚಾರ್ಜಿನ ಜಾಹೀರಾತು. ಜಾಹೀರಾತು ನೋಡಿ ಅಷ್ಟು ಖುಷಿಪಟ್ಟಿದ್ದು ಅದೇ ಮೊದಲು. ಕೂಡಲೇ ಗೂಗಲ್‌ಗೆ ಕೋಡ್ ತರಿಸಿ ಒಳಗೆ ಹೋದೆ, ಆಥೆಂಟಿಕೇಟರ್ ಬದಲಾಯಿಸುವ ಆಯ್ಕೆ ಒತ್ತಿ ಹೊಸ ಕ್ಯೂಆರ್ ಸ್ಕ್ಯಾನ್ ಮಾಡಿದೆ. ಕಳೆದುಹೋದ ಫೋನಿನಲ್ಲಿದ್ದ ಕೀ ಆಗಲೇ ರದ್ದಾಯಿತು. ಆಮೇಲೆ ಪಾಸ್‌ವರ್ಡ್ ಬದಲಾಯಿಸಿದೆ, ಕಳೆದುಹೋದ ಫೋನನ್ನು ಖಾತೆಯಿಂದ ತೆಗೆದೆ.

ಸೋಮವಾರ ಒಂದು ಅಂಗಡಿಯವರು ಫೋನ್ ಮಾಡಿದರು. ಆರ್ಡರ್ ಫಾರಂ ಕೆಟ್ಟಿದೆ, ಇವತ್ತೇ ಆಗಬೇಕು. ಗಿಟ್‌ಹಬ್ ಪುಟದೊಳಗೆ ಹೋಗಲು ಆಗುತ್ತಿರಲಿಲ್ಲ. ಆದರೆ ಲ್ಯಾಪ್‌ಟಾಪಿನಲ್ಲಿ ಎಸ್‌ಎಸ್‌ಎಚ್ ಕೀ ಇತ್ತು. ಎಸ್‌ಎಸ್‌ಎಚ್ ದಾರಿಯಲ್ಲಿ ಹೋದರೆ ಆರು ಅಂಕಿಯ ಕೋಡ್ ಕೇಳುವುದೇ ಇಲ್ಲ. ಫಾರಂ ಸರಿಪಡಿಸಿ, ಅದನ್ನು ಗಿಟ್‌ಹಬ್‌ಗೆ ಕಳಿಸಲು ಇದನ್ನು ಹೊಡೆದೆ:

```
git push origin main
```

ಹೋಯಿತು. ಬುಧವಾರ ಬೆಳಗ್ಗೆ ಗಿಟ್‌ಹಬ್‌ನಿಂದ ಒಪ್ಪಿಗೆಯ ಮೇಲ್, ಒಳಗೊಂದು ಲಿಂಕ್. ಅಲ್ಲಿಗೆ ಅದು ಮುಗಿಯಿತು.

ಎಲ್ಲಕ್ಕಿಂತ ಜಾಸ್ತಿ ಸತಾಯಿಸಿದ್ದು ಡೊಮೇನ್ ಮಾರುವ ಒಂದು ಕಂಪನಿ. ಅಲ್ಲಿ ಬ್ಯಾಕಪ್ ಕೋಡ್ ಅನ್ನುವುದೇ ಇರಲಿಲ್ಲ. ಗುರುತಿನ ಚೀಟಿಯ ಫೋಟೋ ಕಳಿಸಿ ಅಂದರು, ಕಳಿಸಿದೆ. ಖಾತೆಯಲ್ಲಿ ನನ್ನ ಹೆಸರು ಇನಿಷಿಯಲ್ ಇಲ್ಲದೆ ಇತ್ತು, ಆಧಾರಿನಲ್ಲಿ ಅಪ್ಪನ ಹೆಸರೂ ಸೇರಿತ್ತು. ಹೊಂದುತ್ತಿಲ್ಲ ಅಂತ ವಾಪಸ್ ಕಳಿಸಿದರು. ಹಣ ಕಟ್ಟಿದ್ದ ಹಳೇ ಬಿಲ್ಲುಗಳ ನಂಬರ್ ಹುಡುಕಿ ಕೊಟ್ಟ ಮೇಲೆ ಆರನೇ ದಿನ ಬಿಟ್ಟರು. ಆ ಬಿಲ್ಲುಗಳೂ ಸಿಕ್ಕಿದ್ದು ಅದೇ ಇನ್‌ಬಾಕ್ಸಿನಲ್ಲಿ.

ಮುಂದಿನ ವಾರ ಹೊಸ ಫೋನ್ ತಗೊಂಡೆ. ಒಂದೊಂದೇ ಖಾತೆಗೆ ಹೋಗಿ ಹೊಸ ಕ್ಯೂಆರ್ ತೆರೆದು ಹೊಸ ಫೋನಿನಲ್ಲಿ ಸ್ಕ್ಯಾನ್ ಮಾಡಿದೆ. ಪುಟ ಮುಚ್ಚುವ ಮೊದಲು ಅದೇ ಕ್ಯೂಆರನ್ನು ಡ್ರಾಯರಿನ ಹಳೇ ಫೋನಿನಲ್ಲೂ ಮಾಡಿದೆ. ಅದು ಪಿನ್ ಹಾಕಿಕೊಂಡು ಮನೆಯಲ್ಲೇ ಇರುತ್ತದೆ, ಸಿಮ್ ಬೇಕಾಗಿಲ್ಲ. ಬ್ಯಾಕಪ್ ಕೋಡ್‌ಗಳನ್ನು ಪ್ರಿಂಟ್ ತೆಗೆದು, ಮೇಲೆ ತಾರೀಖು ಬರೆದು ಅಮ್ಮನಿಗೆ ಕೊಟ್ಟೆ. ಅವಳು ಅದನ್ನು ಮನೆ ಕಂದಾಯದ ರಸೀದಿಗಳ ಜೊತೆ ಬೀರುವಿನಲ್ಲಿ ಇಟ್ಟಳು.

ಎರಡೂ ಫೋನುಗಳನ್ನು ಊಟದ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟಿದ್ದೆ. ಅಮ್ಮ ಬಗ್ಗಿ ನೋಡಿದಳು. 30 ಸೆಕೆಂಡ್ ಮುಗಿದು ಎರಡರಲ್ಲೂ ಅಂಕಿಗಳು ಒಟ್ಟಿಗೆ ಬದಲಾದವು.

"ಎರಡರಲ್ಲೂ ಅದೇ ಬರ್ತಿದೆಯಲ್ಲೇ," ಅಂದಳು. ಇನ್ನೊಂದು ಸಲ ಬದಲಾಗುವವರೆಗೂ ಇಬ್ಬರೂ ಅಲ್ಲೇ ನಿಂತು ನೋಡಿದೆವು.