ಒಂದೇ ಕೀ, ಎರಡು ಮೈಕ್

ನಾನು ದಾವಣಗೆರೆಯಲ್ಲಿ ಮನೆಯಿಂದಲೇ ಸೆಕೆಂಡ್ ಪಿಯುಸಿ ಮಕ್ಕಳಿಗೆ ಅಕೌಂಟೆನ್ಸಿ ಪಾಠ ಮಾಡುತ್ತೇನೆ. ಸಂಜೆ ಏಳಕ್ಕೆ ವಿಡಿಯೋ ಕಾಲ್‌ನಲ್ಲಿ ಕ್ಲಾಸು. ತಪ್ಪಿಸಿಕೊಂಡವರಿಗೆ ಇರಲಿ ಅಂತ ಪಾಠವನ್ನು ಒಬಿಎಸ್‌ನಲ್ಲಿ ರೆಕಾರ್ಡ್ ಕೂಡ ಮಾಡುತ್ತೇನೆ. ಅಂದರೆ ಒಂದೇ ಮೈಕಿನಿಂದ ನನ್ನ ದನಿ ಎರಡು ಕಡೆ ಹೋಗುತ್ತದೆ. ಒಂದು ಮಕ್ಕಳಿಗೆ, ಇನ್ನೊಂದು ರೆಕಾರ್ಡಿಂಗ್‌ಗೆ.

ಮನೆಯಲ್ಲಿ ಯಾರಾದರೂ ಕರೆದರೆ ಎರಡೂ ಕಡೆ ಮ್ಯೂಟ್ ಮಾಡಬೇಕಲ್ವಾ? ಅದಕ್ಕೆ ಒಂದು ಉಪಾಯ ಮಾಡಿಕೊಂಡಿದ್ದೆ. ಮೀಟಿಂಗ್ ಆಪ್‌ನಲ್ಲಿ ಮ್ಯೂಟ್‌ಗೆ Alt+A ಇತ್ತು. ಬೇರೆ ಕಿಟಕಿಯಲ್ಲಿ ಕೆಲಸ ಮಾಡುತ್ತಿದ್ದರೂ ಕೇಳಲಿ ಅಂತ ಅದನ್ನು ಗ್ಲೋಬಲ್ ಶಾರ್ಟ್‌ಕಟ್ ಮಾಡಿದ್ದೆ. ಒಬಿಎಸ್‌ನಲ್ಲೂ ಮೈಕಿನ ಮ್ಯೂಟ್, ಅನ್‌ಮ್ಯೂಟ್ ಎರಡಕ್ಕೂ ಅದೇ Alt+A ಕೊಟ್ಟಿದ್ದೆ. ಒಮ್ಮೆ ಒತ್ತಿದರೆ ಎರಡೂ ಕಡೆ ಮೌನ, ಮತ್ತೆ ಒತ್ತಿದರೆ ಎರಡೂ ಕಡೆ ದನಿ. ತಿಂಗಳುಗಟ್ಟಲೆ ಚೆನ್ನಾಗಿ ನಡೆಯಿತು.

ಆ ಮಂಗಳವಾರ ಹೊಸ ಪಾಲುದಾರನ ಸೇರ್ಪಡೆ ಲೆಕ್ಕ ಮಾಡಿಸುತ್ತಿದ್ದೆ. ಸ್ಲೈಡ್ ಪೂರ್ತಿ ಪರದೆಯಲ್ಲಿತ್ತು. ಅಮ್ಮ ಬಾಗಿಲಲ್ಲಿ ನಿಂತಿದ್ದು ಕಂಡಿತು. ಮುಖ ನೋಡಿದರೇ ಗೊತ್ತಾಯಿತು, ಏನೋ ಅವಸರದ ಮಾತು. "ಎರಡು ನಿಮಿಷ ಲೆಕ್ಕ ಮಾಡ್ತಿರಿ" ಅಂತ ಮಕ್ಕಳಿಗೆ ಹೇಳಿ Alt+A ಒತ್ತಿದೆ. ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟೆ.

"ಅಪ್ಪನ ಕಣ್ಣಿನ ಆಪರೇಷನ್‌ಗೆ ಇನ್ನೂ ಹದಿನೆಂಟು ಸಾವಿರ ಕಟ್ಬೇಕಂತೆ. ಯಾರ ಹತ್ರ ಅಂತ ಕೇಳೋದವ್ವಾ?" ಅಂದರು ಅಮ್ಮ. ಅವರ ಕಣ್ಣಲ್ಲಿ ನೀರಿತ್ತು. ನಾನೂ ಒಂದಿಷ್ಟು ಮಾತಾಡಿದೆ. ಯಾರು ಕೊಡಬಹುದು, ಯಾರ ಹತ್ರ ಕೇಳಲೇಬಾರದು ಅಂತೆಲ್ಲ. ಏಳು ನಿಮಿಷ ಆಗಿರಬೇಕು. ವಾಪಸ್ ಬಂದು Alt+A ಒತ್ತಿ ಪಾಠ ಮುಂದುವರಿಸಿದೆ.

ಕ್ಲಾಸ್ ಮುಗಿದ ಮೇಲೆ ಒಬ್ಬ ಹುಡುಗಿ ಮೆಸೇಜ್ ಮಾಡಿದಳು. "ಮಿಸ್, ನಿಮ್ಮ ಮೈಕ್ ಆನ್ ಇತ್ತು. ನಾವು ಹೇಳಿದ್ವಿ, ನಿಮಗೆ ಕೇಳಿಸ್ಲಿಲ್ಲ ಅನ್ಸುತ್ತೆ. ಅಂಕಲ್ ಹುಷಾರಾಗ್ತಾರೆ." ಓದಿ ಕೈ ತಣ್ಣಗಾಯಿತು. ಅಮ್ಮನಿಗೆ ಹೇಳಲಿಲ್ಲ.

ನಾನು ಕೀ ಸರಿಯಾಗಿ ಒತ್ತಲಿಲ್ಲವೇನೋ ಅಂದುಕೊಂಡು ರೆಕಾರ್ಡಿಂಗ್ ತೆರೆದೆ. ವಿಚಿತ್ರ ಅಂದರೆ ಅದರಲ್ಲಿ ಆ ಏಳು ನಿಮಿಷ ನನ್ನ ದನಿಯೂ ಇಲ್ಲ, ಅಮ್ಮನ ದನಿಯೂ ಇಲ್ಲ. ಮಕ್ಕಳ ಕಡೆಯ ಸದ್ದು ಮಾತ್ರ ಇದೆ. ಒಂದು ಮೆಲುದನಿ ಎರಡು ಸಲ ಹೇಳುತ್ತದೆ: "ಮಿಸ್, ಮೈಕ್ ಆನ್ ಇದೆ." ಅಂದರೆ ಕೀ ಸರಿಯಾಗಿಯೇ ಒತ್ತಿದ್ದೆ. ಒಬಿಎಸ್‌ಗೆ ಅದು ಮುಟ್ಟಿದೆ, ಮೀಟಿಂಗ್ ಆಪ್‌ಗೆ ಮುಟ್ಟಿಲ್ಲ. ನಡುವೆ ಯಾರೋ ಹಿಡಿದುಕೊಂಡಿದ್ದಾರೆ.

ಯಾರು ಅಂತ ಗೊತ್ತಾಗಿದ್ದು ಸುಮ್ನೆ ಚಿತ್ರಗಳ ಫೋಲ್ಡರ್ ನೋಡಿದಾಗ. ಅಲ್ಲಿ ಎರಡು ಹೊಸ ಫೋಟೊ ಇದ್ದವು. ಎರಡೂ ನನ್ನದೇ ಸ್ಲೈಡ್‌ನವು. ಒಂದು 7:12ಕ್ಕೆ, ಇನ್ನೊಂದು 7:19ಕ್ಕೆ. ರೆಕಾರ್ಡಿಂಗ್‌ನಲ್ಲಿ ಮೌನ ಶುರುವಾದ, ಮುಗಿದ ನಿಮಿಷಗಳೇ ಅವು. ಹಿಂದಿನ ತಿಂಗಳು ಒಂದು ಚಿಕ್ಕ ಸ್ಕ್ರೀನ್‌ಶಾಟ್ ಟೂಲ್ ಹಾಕಿಕೊಂಡಿದ್ದೆ. ಸದ್ದಿಲ್ಲದೆ ಪೂರ್ತಿ ಪರದೆಯ ಚಿತ್ರ ತೆಗೆದು ಇಡುವಂಥದ್ದು. ನಾನು ಅದನ್ನು ಗಡಿಯಾರದ ಪಕ್ಕದ ಐಕಾನ್ ಒತ್ತಿಯೇ ಬಳಸುತ್ತಿದ್ದೆ. ಅದರ ಸೆಟ್ಟಿಂಗ್ಸ್ ತೆರೆದರೆ ಶಾರ್ಟ್‌ಕಟ್ ಜಾಗದಲ್ಲಿ Alt+A.

ಹಾಗಾದರೆ ಇಷ್ಟು ದಿನ ಯಾಕೆ ತೊಂದರೆ ಆಗಲಿಲ್ಲ? ಇದು ವಿಂಡೋಸ್ ಕೆಲಸ ಮಾಡುವ ರೀತಿ. ಒಂದು ಪ್ರೋಗ್ರಾಂ ಗ್ಲೋಬಲ್ ಕೀ ಬೇಕು ಅಂದರೆ ಸಾಮಾನ್ಯವಾಗಿ `RegisterHotKey` ಮೂಲಕ ವಿಂಡೋಸ್ ಹತ್ತಿರ ಹೆಸರು ಬರೆಸುತ್ತದೆ. ಮೊದಲು ಬರೆಸಿದವರಿಗೆ ಕೀ. ಎರಡನೆಯವರಿಗೆ 1409 ಅನ್ನುವ ಎರರ್ ಸಿಗುತ್ತದೆ, ಅಂದರೆ ಈ ಕೀ ಆಗಲೇ ಬೇರೆಯವರ ಪಾಲಾಗಿದೆ ಅಂತ. ಆ ಎರರನ್ನು ನಮಗೆ ತೋರಿಸುವುದು ಬಿಡುವುದು ಆ ಪ್ರೋಗ್ರಾಂಗೆ ಬಿಟ್ಟಿದ್ದು. ನನ್ನ ಆಪ್ ತೋರಿಸಲಿಲ್ಲ. ದಿನಾ ನಾನು ಮೊದಲು ಮೀಟಿಂಗ್ ಆಪ್ ತೆರೆಯುತ್ತಿದ್ದೆ, ಬೇಕಾದರೆ ಆಮೇಲೆ ಸ್ಕ್ರೀನ್‌ಶಾಟ್ ಟೂಲ್. ಆ ದಿನ ಹಳೆಯ ಪ್ರಶ್ನೆಪತ್ರಿಕೆಯ ಲೆಕ್ಕವೊಂದನ್ನು ಸ್ಲೈಡಿಗೆ ಹಾಕಬೇಕಿತ್ತು. ಹಾಗಾಗಿ ಟೂಲನ್ನೇ ಮೊದಲು ತೆರೆದಿದ್ದೆ. ಕೀ ಅದರ ಪಾಲಾಯಿತು. ಒಮ್ಮೆ ಹಾಗಾದ ಮೇಲೆ ಮೀಟಿಂಗ್ ಕಿಟಕಿ ಕಣ್ಣೆದುರೇ ಇದ್ದರೂ ಆ ಕೀ ಅದಕ್ಕೆ ತಲುಪುವುದಿಲ್ಲ.

ಒಬಿಎಸ್ ಮಾತ್ರ ಈ ಸಾಲಿನಲ್ಲಿ ನಿಲ್ಲುವುದೇ ಇಲ್ಲ. ವಿಂಡೋಸ್‌ನಲ್ಲಿ ಅದು ಯಾವ ಕೀ ಒತ್ತಿದೆ ಅಂತ ಸುಮಾರು 25 ಮಿಲಿಸೆಕೆಂಡಿಗೊಮ್ಮೆ ತಾನೇ ಇಣುಕಿ ನೋಡುತ್ತಿರುತ್ತದೆ. ಯಾರ ಕೀಯನ್ನೂ ಕಿತ್ತುಕೊಳ್ಳುವುದಿಲ್ಲ, ಬೇರೆಯವರು ಬರೆಸಿಕೊಂಡಿದ್ದರೂ ಅದಕ್ಕೆ ಕಾಣುತ್ತದೆ. ನನ್ನ ಉಪಾಯ ತಿಂಗಳುಗಟ್ಟಲೆ ನಡೆದಿದ್ದೂ ಇದರಿಂದಲೇ, ಆ ದಿನ ಎರಡು ಕಡೆ ಎರಡು ಥರ ಆಗಿದ್ದೂ ಇದರಿಂದಲೇ.

ಅನುಮಾನ ಖಚಿತ ಮಾಡಿಕೊಳ್ಳಲು ಮೀಟಿಂಗ್ ಆಪ್ ಪೂರ್ತಿ ಮುಚ್ಚಿ, ಪವರ್‌ಶೆಲ್‌ನಲ್ಲಿ ಇದನ್ನು ಹಾಕಿ ನೋಡಿದೆ:

```powershell
$k = Add-Type -Name K -PassThru -MemberDefinition '[DllImport("user32.dll")] public static extern bool RegisterHotKey(IntPtr h, int id, uint m, uint k);'
$k::RegisterHotKey([IntPtr]::Zero, 1, 1, 0x41)
```

ಎರಡನೇ ಸಾಲಿನ ಕೊನೆಯ 1 ಅಂದರೆ Alt, 0x41 ಅಂದರೆ A. ಅದು Alt+A ನನಗೆ ಕೊಡಿ ಅಂತ ಕೇಳುತ್ತದೆ. `False` ಬಂತು. ಸ್ಕ್ರೀನ್‌ಶಾಟ್ ಟೂಲನ್ನು ಗಡಿಯಾರದ ಪಕ್ಕದಿಂದಲೂ ಮುಚ್ಚಿ ಎರಡನೇ ಸಾಲನ್ನು ಮತ್ತೆ ಹಾಕಿದೆ. `True` ಬಂತು. ಇಲ್ಲಿ ಒಂದು ಎಚ್ಚರ ಬೇಕು. `True` ಬಂದ ಕ್ಷಣ ಆ ಕೀ ಪವರ್‌ಶೆಲ್ ಕೈಗೇ ಹೋಗಿರುತ್ತದೆ. ಆ ಕಿಟಕಿ ಮುಚ್ಚುವವರೆಗೂ ಬೇರೆಯವರಿಗೆ ಸಿಗುವುದಿಲ್ಲ. ಯಾರ ಹತ್ತಿರ ಕೀ ಇದೆ ಅಂತ ಹೆಸರನ್ನೂ ಇದು ಹೇಳುವುದಿಲ್ಲ. ಒಂದೊಂದೇ ಪ್ರೋಗ್ರಾಂ ಮುಚ್ಚುತ್ತಾ ನೋಡಬೇಕು. ಕೀಬೋರ್ಡ್ ಹುಕ್ ಹಾಕಿಕೊಂಡು ಕೀ ಹಿಡಿಯುವ ಪ್ರೋಗ್ರಾಂಗಳೂ ಇವೆ, ಅವು ಈ ಪರೀಕ್ಷೆಗೆ ಸಿಕ್ಕುವುದೇ ಇಲ್ಲ.

ಟೂಲಿನ ಶಾರ್ಟ್‌ಕಟ್ ತೆಗೆದುಬಿಡೋಣ ಅನ್ನುವ ಮೊದಲು, ಅದಕ್ಕೆ Ctrl+Alt+4 ಕೊಟ್ಟು ನೋಡಿದ್ದೆ. ಅದು ನನಗೆ ಇನ್ನೂ ಜಾಸ್ತಿ ತೊಂದರೆ. ನನ್ನ ಕೀಬೋರ್ಡ್ ಇಂಗ್ಲಿಷ್ (ಇಂಡಿಯಾ) ಲೇಔಟ್‌ನಲ್ಲಿದೆ. ಅದರಲ್ಲಿ ಬಲಗಡೆಯ Alt ಜೊತೆ 4 ಒತ್ತಿದರೆ ₹ ಬರುತ್ತದೆ. ಆ ಬಲಗಡೆಯ Alt ವಿಂಡೋಸ್‌ಗೆ Ctrl+Alt ಆಗಿಯೇ ಕಾಣುತ್ತದೆ. ಲೆಕ್ಕದಲ್ಲಿ ರೂಪಾಯಿ ಚಿಹ್ನೆ ಹಾಕಿದಾಗಲೆಲ್ಲ ಚಿಹ್ನೆ ಬರದೆ ಫೋಟೊ ಬರತೊಡಗಿತು. ಶಾರ್ಟ್‌ಕಟ್ ಪೂರ್ತಿ ತೆಗೆದೆ, ಮೀಟಿಂಗ್ ಆಪ್ ಮುಚ್ಚಿ ಮತ್ತೆ ತೆರೆದೆ.

ಒಬಿಎಸ್‌ನ ಮ್ಯೂಟ್ ಕೀಯನ್ನೂ ತೆಗೆದೆ. ಎರಡು ಪ್ರೋಗ್ರಾಂಗಳಿಗೆ ಒಂದೇ ಕೀ ಕೊಟ್ಟರೂ, ಒಂದರ ಸ್ಥಿತಿ ಇನ್ನೊಂದಕ್ಕೆ ಗೊತ್ತಿರುವುದಿಲ್ಲ. ಒಂದಕ್ಕೆ ಒಮ್ಮೆ ತಪ್ಪಿದರೂ ಒಂದು ಆನ್, ಒಂದು ಆಫ್. ರೆಕಾರ್ಡಿಂಗ್‌ನಲ್ಲಿ ಬೇಡದ ಮಾತಿದ್ದರೆ ಆಮೇಲೆ ಕತ್ತರಿಸಬಹುದು. ಮಕ್ಕಳಿಗೆ ಕೇಳಿಸಿದ್ದನ್ನು ಹೇಗೆ ಕತ್ತರಿಸಲಿ? ಈಗ ಹೆಡ್‌ಫೋನ್ ವೈರಿನಲ್ಲಿರುವ ಮೈಕ್ ಸ್ವಿಚ್ಚನ್ನೇ ಜಾರಿಸುತ್ತೇನೆ. ಅಲ್ಲಿ ಮುಚ್ಚಿದರೆ ಎರಡೂ ಕಡೆಗೂ ದನಿ ಹೋಗುವುದಿಲ್ಲ. Alt+A ಕೂಡ ಒತ್ತುತ್ತೇನೆ, ಆದರೆ ಮೈಕ್ ಐಕಾನ್ ಮೇಲೆ ಕೆಂಪು ಗೆರೆ ಕಾಣುವವರೆಗೂ ಹೆಡ್‌ಫೋನ್ ತೆಗೆಯುವುದಿಲ್ಲ.

ಗುರುವಾರ ಕ್ಲಾಸಿನ ನಡುವೆ ಅಮ್ಮ ಮತ್ತೆ ಬಂದರು. ಅಪ್ಪನಿಗೆ ಡೇಟ್ ಸಿಕ್ಕಿತ್ತು. ಸ್ವಿಚ್ ಜಾರಿಸಿದೆ, Alt+A ಒತ್ತಿದೆ, ಕೆಂಪು ಗೆರೆ ನೋಡಿದೆ, ಆಮೇಲೆ ಅಮ್ಮನ ಕಡೆ ತಿರುಗಿದೆ. ಕ್ಲಾಸ್ ಮುಗಿದ ಮೇಲೆ ಚಿತ್ರಗಳ ಫೋಲ್ಡರ್ ತೆರೆದೆ. ಹೊಸ ಫೋಟೊ ಒಂದೂ ಇರಲಿಲ್ಲ.