ಒಂದೇ ಪ್ರೆಸ್ಸಿನ ಮೂರು ವರದಿಗಳು

ತಿಂಗಳ ಕೊನೆಗೆ ಮೇಜಿನ ಮೇಲೆ 14 ಅವಘಡ ವರದಿಗಳಿದ್ದವು. ಪ್ಲಾಂಟ್ ಮ್ಯಾನೇಜರಿಗೆ ಕಳಿಸಬೇಕಾದದ್ದು ಒಂದೇ ಪುಟ. ತಾರೀಖಿನ ಪ್ರಕಾರ ಇಳಿಸಿಬಿಟ್ಟರೆ ಕೆಲಸ ಬೇಗ ಮುಗಿಯುತ್ತದೆ, ಆದರೆ ಮುಖ್ಯವಾದದ್ದು ಕಣ್ತಪ್ಪುತ್ತದೆ. ಯಂತ್ರದ ನಂಬರಿನ ಪ್ರಕಾರ ಜೋಡಿಸಿದಾಗ ಒಂದೇ ಹೈಡ್ರಾಲಿಕ್ ಪ್ರೆಸ್ಸಿನ ಮೂರು ವರದಿಗಳು ಒಟ್ಟಿಗೆ ಬಂದವು.

4ರಂದು ಆಪರೇಟರ್ ಜಾರಿದರು, ಪೆಟ್ಟಾಗಲಿಲ್ಲ. 11ರಂದು ಹೆಲ್ಪರ್ ಬಿದ್ದು ಮೊಣಕಾಲು ತರಚಿತು. 23ರಂದು ಫಿಟ್ಟರ್ ಕೈಯೂರಿ ಬಿದ್ದರು. ಬರೆದವರು ಬೇರೆ ಬೇರೆ ಶಿಫ್ಟಿನವರು. ಒಬ್ಬರು ‘ನೆಲ ಜಾರುತ್ತಿತ್ತು’ ಎಂದರೆ ಇನ್ನೊಬ್ಬರು ‘ಎಣ್ಣೆ ಚೆಲ್ಲಿತ್ತು’ ಎಂದಿದ್ದರು; ಮೂರನೆಯವರು ಬರೀ ‘ಅಜಾಗರೂಕತೆ’. ಪರಿಹಾರ ಕ್ರಮದ ಜಾಗದಲ್ಲಿ ಮರದ ಪುಡಿ ಹಾಕಿ ಗುಡಿಸಿದ್ದು, ಶೂ ಹಾಕಿಕೊಳ್ಳಲು ಹೇಳಿದ್ದು, ಎಚ್ಚರಿಕೆ ಫಲಕ ಇಟ್ಟದ್ದು. ಎಣ್ಣೆ ಎಲ್ಲಿಂದ ಬಂತು ಎಂಬುದನ್ನು ಯಾರೂ ಬರೆದಿರಲಿಲ್ಲ.

ಮೆಂಟೆನೆನ್ಸಿನವರ ಜೊತೆ ಹೋಗಿ ನೋಡಿದರೆ, ಹಿಂಬದಿಯ ಹೋಸ್ ಬಾಗುವಲ್ಲಿ ಫ್ರೇಮಿಗೆ ಉಜ್ಜಿ ಉಜ್ಜಿ ಮೇಲಿನ ರಬ್ಬರ್ ಸವೆದಿತ್ತು. ಒತ್ತಡ ಏರಿದಾಗ ಮಾತ್ರ ಅಲ್ಲಿಂದ ಎಣ್ಣೆ ಹನಿಯುತ್ತಿತ್ತು. ಯಂತ್ರ ನಿಲ್ಲಿಸಿ ಗುಡಿಸಿದ ಮೇಲೆ ನೆಲ ಒಣಗಿಯೇ ಕಾಣುತ್ತಿದ್ದುದರಿಂದ ಪ್ರತಿ ಸಲವೂ ‘ಸರಿಯಾಯಿತು’ ಎಂದೇ ಬರೆದಿದ್ದರು. ಇಂಥ ಸೋರಿಕೆಯನ್ನು ಕೈಯಿಂದ ಮುಟ್ಟಿ ಹುಡುಕಲೇಬಾರದು. ಕೂದಲೆಳೆಯಷ್ಟು ಸಣ್ಣ ತೂತಿನಿಂದ ಚಿಮ್ಮುವ ಎಣ್ಣೆಯೂ ಚರ್ಮ ಸೀಳಿ ಒಳಹೋಗುತ್ತದೆ.

ಹೀಗಾಗಿ ಸಾರಾಂಶದಲ್ಲಿ ಅಪಾಯ ಒಂದು, ಘಟನೆ ಮೂರು, ಗಾಯ ಎರಡು. ಈ ಮೂರು ಲೆಕ್ಕವನ್ನು ಒಂದೇ ಕಾಲಂನಲ್ಲಿ ಕಲಸಿದರೆ ಮೂರು ಸಣ್ಣ ಜಾರುವಿಕೆಗಳು ಮಾತ್ರ ಕಾಣುತ್ತವೆ, ಸವೆದ ಹೋಸ್ ಕಾಣುವುದಿಲ್ಲ.

ಫಿಟ್ಟರ್ ಗಾಯ ಮೊದಲ ವರದಿಯಲ್ಲಿ ‘ಪ್ರಥಮ ಚಿಕಿತ್ಸೆ’ ಎಂದಿತ್ತು. ಮರುದಿನದ ಎಕ್ಸ್‌ರೇಯಲ್ಲಿ ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟದ್ದು ತಿಳಿಯಿತು, ಆದರೆ ಆ ಹಾಳೆಯನ್ನು ಯಾರೂ ತಿದ್ದಿರಲಿಲ್ಲ. ಆದ್ದರಿಂದ ವರದಿಯನ್ನಷ್ಟೇ ನಂಬದೆ ಪ್ರಥಮ ಚಿಕಿತ್ಸೆಯ ರಿಜಿಸ್ಟರನ್ನೂ ಹಾಜರಿಯನ್ನೂ ತಾಳೆ ನೋಡಬೇಕು. ಬಿದ್ದ ದಿನವನ್ನು ಬಿಟ್ಟು 24ರಿಂದ 30ರವರೆಗೆ ಫಿಟ್ಟರ್ ಕೆಲಸಕ್ಕೆ ಬಾರದ ದಿನಗಳು 7. ಅವರಿನ್ನೂ ಕೆಲಸಕ್ಕೆ ಮರಳಿಲ್ಲ. ಮುಂದಿನ ತಿಂಗಳ ದಿನಗಳು ಇದೇ ಸಾಲಿಗೆ ಸೇರಬೇಕು, ಹೊಸ ಗಾಯವಾಗಿ ಅಲ್ಲ.

ಕ್ರಮವನ್ನು ಎರಡಾಗಿ ಬರೆದೆವು. ತಾತ್ಕಾಲಿಕವಾಗಿ ಕೆಳಗೆ ಎಣ್ಣೆ ಹಿಡಿಯುವ ಟ್ರೇ, ಶಿಫ್ಟ್ ಬದಲಾಗುವಾಗ ತಪಾಸಣೆ. ಶಾಶ್ವತವಾಗಿ ಹೊಸ ಹೋಸ್, ಫ್ರೇಮಿಗೆ ತಾಗದಂತೆ ಕ್ಲ್ಯಾಂಪ್. ಎರಡಕ್ಕೂ ಜವಾಬ್ದಾರರ ಹುದ್ದೆ ಮತ್ತು ಗಡುವು ಹಾಕಿದೆವು. ಹೋಸ್ ಬದಲಾದ ಕೂಡಲೇ ‘ಮುಗಿದಿದೆ’ ಎಂದು ಬರೆಯುವಂತಿಲ್ಲ. ಕೆಳಗೆ ಬಿಳಿ ರಟ್ಟು ಹಾಸಿ, ಒಂದು ವಾರ ಎಲ್ಲ ಶಿಫ್ಟಿನಲ್ಲೂ ಪ್ರೆಸ್ ಲೋಡಿನಲ್ಲಿ ಓಡಿದ ಮೇಲೂ ರಟ್ಟಿನ ಮೇಲೆ ಕಲೆ ಬೀಳದಿದ್ದರೆ ಮಾತ್ರ ಆ ಸಾಲು ಮುಚ್ಚುತ್ತದೆ.