ಕಾಲಂಗುಲದ ಲೆಕ್ಕ

ಶಿವಮೊಗ್ಗದ ಟಿಂಬರ್ ಡಿಪೋ ಒಂದರಲ್ಲಿ ನಾನು ಬಿಲ್ ಬರೆಯುವ ಕೆಲಸಕ್ಕೆ ಸೇರಿ ಹಲವು ವರ್ಷಗಳಾಗಿವೆ. ತೇಗದ ಲೆಕ್ಕ ನನಗೆ ಕಣ್ಣು ಮುಚ್ಚಿಕೊಂಡು ಬರುತ್ತದೆ ಎಂಬ ಹಮ್ಮು ಇದ್ದುದರಿಂದಲೇ, ಒಂದು ಹೆಬ್ಬಾಗಿಲಿನ ಚೌಕಟ್ಟು ನನ್ನ ಸಂಬಳದಿಂದ 1,242 ರೂಪಾಯಿಯನ್ನು ಕಿತ್ತುಕೊಂಡಿತು.

ಮನೆ ಕಟ್ಟಿಸುತ್ತಿದ್ದ ಗಿರಾಕಿಯೊಬ್ಬರು ಊಟದ ಹೊತ್ತಿಗೆ ಫೋನ್ ಮಾಡಿ, ಆಚಾರಿ ಬರೆದುಕೊಟ್ಟಿದ್ದ ಚೀಟಿಯನ್ನು ಓದಿ ಹೇಳಿದರು. ಕಂಬ ಎರಡು, ಉದ್ದ 84 ಅಂಗುಲ. ಮೇಲಿನ ಪಟ್ಟಿ ಮತ್ತು ಹೊಸ್ತಿಲು ಸೇರಿ ಎರಡು, ಉದ್ದ 48 ಅಂಗುಲ. ಎಲ್ಲವೂ 5 ಅಂಗುಲ ಅಗಲ, 3 ಅಂಗುಲ ದಪ್ಪ. ನಾನು ಬುತ್ತಿಯ ಮುಚ್ಚಳ ತೆಗೆಯುತ್ತಲೇ ಕ್ಯಾಲ್ಕುಲೇಟರ್ ಒತ್ತಿದೆ. ಮರದ ಲೆಕ್ಕ ಸಿಎಫ್‌ಟಿಯಲ್ಲಿ, ಅಂದರೆ ಘನ ಅಡಿಯಲ್ಲಿ; ಮೂರು ಅಳತೆಯೂ ಅಂಗುಲದಲ್ಲಿದ್ದರೆ ಉದ್ದ × ಅಗಲ × ದಪ್ಪವನ್ನು 1728ರಿಂದ ಭಾಗಿಸಬೇಕು. ಉದ್ದ ಮಾತ್ರ ಅಡಿಯಲ್ಲಿದ್ದರೆ 144ರಿಂದ. ನಾಲ್ಕೂ ತುಂಡುಗಳ ಒಟ್ಟು ಉದ್ದ 264 ಅಂಗುಲ, ಅದನ್ನು 15ರಿಂದ ಗುಣಿಸಿದರೆ 3960, ಅದನ್ನು 1728ರಿಂದ ಭಾಗಿಸಿದರೆ 2.29 ಸಿಎಫ್‌ಟಿ. ಆ ದಿನ ಆ ಕೆಚ್ಚಿನ ಮಾಲಿಗೆ ನಮ್ಮ ದರ ಸಿಎಫ್‌ಟಿಗೆ 4,500 ರೂಪಾಯಿ. 10,313 ರೂಪಾಯಿ ಆಗುತ್ತದೆ, ತೆರಿಗೆ ಬೇರೆ ಎಂದು ಹೇಳಿದ್ದಲ್ಲದೆ, ಅವರು ಕೇಳಿದರೆಂದು ಡಿಪೋದ ಎಸ್ಟಿಮೇಟ್ ಚೀಟಿಯಲ್ಲೇ ಬರೆದು ಫೋಟೋ ಕಳುಹಿಸಿದೆ. ಅವರು ಅಡ್ವಾನ್ಸ್ ಹಾಕಿದರು.

ಲೆಕ್ಕದಲ್ಲಿ ತಪ್ಪಿರಲಿಲ್ಲ. ಆಚಾರಿ ಬರೆದದ್ದು ಗೋಡೆಗೆ ಕೂತ ಮೇಲೆ ಕಾಣಬೇಕಾದ ರೆಡಿ ಅಳತೆಯೋ, ಮಿಲ್ಲಿನಲ್ಲಿ ಕೊಯ್ಯಬೇಕಾದ ಅಳತೆಯೋ ಎಂಬ ಒಂದೇ ಒಂದು ಪ್ರಶ್ನೆಯನ್ನು ನಾನು ಕೇಳಿರಲಿಲ್ಲ.

ಆಚಾರಿಯವರು ಮಿಲ್ಲಿಗೆ ಬಂದು ನಮ್ಮ ಕೊಯ್ಯುವವನ ಹತ್ತಿರ ನೇರವಾಗಿ ಮಾತಾಡಿದ್ದರು. ಪ್ಲೇನಿಂಗ್ ಆದ ಮೇಲೆ 5 × 3 ಸಿಗಬೇಕಾದರೆ ಗರಗಸದಿಂದ 5¼ × 3¼ ಇಳಿಯಬೇಕು, ಏಕೆಂದರೆ ಗರಗಸದ ಗೆರೆಗಳೂ ಒಣಗುವಾಗ ಬಂದ ಸಣ್ಣ ಸೊಟ್ಟವೂ ಹೋಗುವ ಹೊತ್ತಿಗೆ ಪ್ರತಿ ಮುಖದಿಂದ ಸುಮಾರು ಅರೆಕಾಲು ಅಂಗುಲ ಸವೆಯುತ್ತದೆ. ಮೇಲಿನ ಪಟ್ಟಿಯೂ ಹೊಸ್ತಿಲೂ ಎರಡೂ ಬದಿಯ ಗೋಡೆಯೊಳಗೆ ಮೂರು ಮೂರು ಅಂಗುಲ ಹೋಗಬೇಕು, ಹಾಗಾಗಿ 48 ಎಂಬುದು 54 ಆಗುತ್ತದೆ. ಕಂಬದ ತುದಿ ಬಿರುಕು ಬಿಟ್ಟಿದ್ದರೆ ಕತ್ತರಿಸಲು ಎರಡು ಮೂರು ಅಂಗುಲ ಹೆಚ್ಚು ಬೇಕು, ಆದರೆ ನಮ್ಮಲ್ಲಿ ಉದ್ದವನ್ನು ಅರ್ಧ ಅಡಿಯ ಲೆಕ್ಕದಲ್ಲೇ ಕೊಯ್ಯುವುದರಿಂದ 84 ಎಂಬುದು 90 ಆಗುತ್ತದೆ. ಒಟ್ಟು ಉದ್ದ 288 ಅಂಗುಲ; 5.25 × 3.25 ಅಂದರೆ 17.0625, ಗುಣಿಸಿ 1728ರಿಂದ ಭಾಗಿಸಿದರೆ 2.84 ಸಿಎಫ್‌ಟಿ, 12,797 ರೂಪಾಯಿ. ನಾನು ಬರೆದುಕೊಟ್ಟಿದ್ದಕ್ಕಿಂತ 2,484 ರೂಪಾಯಿ ಹೆಚ್ಚು.

ಇಷ್ಟೇ ಆಗಿದ್ದರೆ ಕ್ಷಮೆ ಕೇಳಿ ವಿವರಿಸಬಹುದಿತ್ತು. ನಮ್ಮ ಬಿಲ್ಲಿಂಗ್ ಸಾಫ್ಟ್‌ವೇರ್ ಅದಕ್ಕೂ ಅವಕಾಶ ಕೊಡಲಿಲ್ಲ. ಅದು ಒಳಗೆ 5.25 ಮತ್ತು 3.25 ಇಟ್ಟುಕೊಂಡು ಸರಿಯಾಗಿ ಲೆಕ್ಕ ಮಾಡುತ್ತದೆ, ಆದರೆ ಕಾಗದದ ಮೇಲೆ ಮುದ್ರಿಸುವಾಗ ದಶಮಾಂಶವನ್ನು ಕೈಬಿಟ್ಟು 5 ಮತ್ತು 3 ಎಂದೇ ತೋರಿಸುತ್ತದೆ. ಇದನ್ನು ನಾನು ಯಜಮಾನರಿಗೆ ಎರಡು ಸಲ ಹೇಳಿದ್ದೆ. ಮೊತ್ತ ಸರಿ ಬರುತ್ತದಲ್ಲ, ಸೈಜ್ ಯಾರು ನೋಡುತ್ತಾರೆ ಎಂದಿದ್ದರು.

ಗಿರಾಕಿ ನೋಡಿದ್ದರು. ಮಾಲು ಸೈಟಿಗೆ ಹೋದ ಮೂರನೆಯ ದಿನ ಬೆಳಿಗ್ಗೆ, ಕೌಂಟರಿನಲ್ಲಿ ನಾಲ್ಕೈದು ಜನ ಇರುವಾಗ, ಆಚಾರಿಯವರನ್ನೂ ಕರೆದುಕೊಂಡು ಬಂದು ಬಿಲ್ಲನ್ನು ನನ್ನ ಮುಂದಿಟ್ಟರು. ಬಿಲ್ಲಿನಲ್ಲಿದ್ದ ಅಳತೆಗಳನ್ನೇ ತಮ್ಮ ಮೊಬೈಲಿನಲ್ಲಿ ಗುಣಿಸಿ ತೋರಿಸಿದರು: 288 × 5 × 3, ಭಾಗಿಸು 1728, ಸರಿಯಾಗಿ 2.50.

"ನಿಮ್ಮ ಬಿಲ್ಲಿನ ಲೆಕ್ಕವನ್ನೇ ನಾನು ಮಾಡಿದ್ದೇನೆ. ಇಲ್ಲಿ 2.84 ಎಂದು ಬರೆದಿದೆ. ಮಿಕ್ಕ ಮರ ಎಲ್ಲಿದೆ ಸಾರ್?"

ಆ ಕ್ಷಣದಲ್ಲಿ ನಾನು ಆಡಿದ ಮಾತು ಇಂದಿಗೂ ಚುಚ್ಚುತ್ತದೆ. ಕಾಗದದ ಮೇಲಿನ ಅಂಕಿಗಳು ಪೂರ್ತಿ ಮುದ್ರಣವಾಗಿಲ್ಲ ಎಂದು ಹೇಳುವ ಬದಲು, ಕ್ಯೂನಲ್ಲಿದ್ದವರ ಎದುರು ಡಿಪೋದ ಮಾನ ಉಳಿಸುವ ಗಡಿಬಿಡಿಯಲ್ಲಿ, "ಅದರಲ್ಲಿ ವೇಸ್ಟೇಜ್ ಸೇರಿದೆ" ಎಂದುಬಿಟ್ಟೆ. ವೇಸ್ಟೇಜ್ ಎಂಬ ಪದ ಕೇಳಿದ ಕೂಡಲೇ ಅವರ ಮುಖ ಬದಲಾಯಿತು. ಹಾಗಾದರೆ ಎಷ್ಟು ಪರ್ಸೆಂಟು, ಚೀಟಿಯಲ್ಲಿ ಏಕೆ ಬರೆದಿಲ್ಲ, ನಿಮ್ಮ ಮಿಲ್ಲಿನ ಹೊಟ್ಟಿಗೆ ನಾನೇಕೆ ದುಡ್ಡು ಕೊಡಬೇಕು ಎಂದು ಒಂದರ ಹಿಂದೆ ಒಂದು ಪ್ರಶ್ನೆ ಬಂದವು. ಯಾವುದಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ, ಏಕೆಂದರೆ ನಾವು ವೇಸ್ಟೇಜ್ ಎಂದು ಪ್ರತ್ಯೇಕವಾಗಿ ಏನನ್ನೂ ಸೇರಿಸುವುದಿಲ್ಲ. ಪಕ್ಕದಲ್ಲಿದ್ದ ಇನ್ನೊಬ್ಬ ಗಿರಾಕಿ ತನ್ನ ಜೇಬಿನಿಂದ ಹಳೆಯ ಬಿಲ್ಲನ್ನು ತೆಗೆದು ಬಿಡಿಸುವುದು ಕಾಣಿಸಿತು. ಯಜಮಾನರು ಗಾಜಿನ ಕೋಣೆಯೊಳಗಿಂದ ನನ್ನನ್ನೇ ನೋಡುತ್ತಿದ್ದರು, ಹೊರಗೆ ಬರಲಿಲ್ಲ.

ನನ್ನನ್ನು ಪಾರು ಮಾಡಿದವರು ಆಚಾರಿಯವರು. "ಇಲ್ಲಿ ಮಾತಾಡಿ ಏನು ಪ್ರಯೋಜನ, ಮಿಲ್ಲಿಗೆ ಹೋಗೋಣ ಬನ್ನಿ" ಎಂದು ಎದ್ದರು. ಹಿಂದಿನ ಶೆಡ್ಡಿನಲ್ಲಿ ಬೇರೆಯವರ ಆರ್ಡರಿನ, ಇನ್ನೂ ಪ್ಲೇನಿಂಗ್ ಆಗದ ಕಂಬಗಳು ಇದ್ದವು. ಅದರಲ್ಲಿ ಒಂದನ್ನು ಗಿರಾಕಿಯೇ ಆರಿಸಿ, ಆಚಾರಿಯವರ ಟೇಪಿನಿಂದ ತಾವೇ ಅಳೆದರು: ಅಗಲ ಐದೂಕಾಲು, ದಪ್ಪ ಮೂರೂಕಾಲು. ಅದನ್ನು ಅವರ ಎದುರಿಗೇ ಮಿಷಿನ್ನಿಗೆ ಕೊಟ್ಟೆವು. ನಾಲ್ಕೂ ಮುಖ ಮುಗಿದಾಗ ಕೆಳಗೆ ತೇಗದ ಎಣ್ಣೆವಾಸನೆಯ ಸಿಪ್ಪೆ ಒಂದು ಗುಡ್ಡೆಯಷ್ಟು ಬಿದ್ದಿತ್ತು. ಟೇಪು ಐದು ಮತ್ತು ಮೂರು ತೋರಿಸಿತು. ಅವರು ಸಿಪ್ಪೆಯನ್ನು ಒಂದು ಹಿಡಿ ಎತ್ತಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದರು.

ಕಾಲಂಗುಲ ಎಂದರೆ ಯಾರಿಗೂ ದೊಡ್ಡದಾಗಿ ಕಾಣುವುದಿಲ್ಲ. ಆದರೆ ಅಗಲಕ್ಕೂ ದಪ್ಪಕ್ಕೂ ಕಾಲಂಗುಲ ಸೇರಿದಾಗ 15 ಚದರ ಅಂಗುಲ 17.06 ಆಗುತ್ತದೆ, ಅಂದರೆ ನೂರಕ್ಕೆ ಸುಮಾರು 14ರಷ್ಟು ಹೆಚ್ಚು. ಪಟ್ಟಿ ತೆಳ್ಳಗಾದಷ್ಟೂ ಈ ಪಾಲು ಏರುತ್ತದೆ: ಒಂದು ಅಂಗುಲ ದಪ್ಪದ ಹಲಗೆಗೆ ದಪ್ಪದಲ್ಲಿ ಕಾಲಂಗುಲ ಬಿಟ್ಟರೆ ಅದೊಂದರಿಂದಲೇ ನೂರಕ್ಕೆ 25 ಹೆಚ್ಚಾಗುತ್ತದೆ.

"ಇದನ್ನು ಮೊದಲೇ ಹೇಳಿದ್ದರೆ ನಾನು ಬರುತ್ತಲೇ ಇರಲಿಲ್ಲ" ಎಂದರು ಗಿರಾಕಿ. 2.50ಕ್ಕೂ 2.84ಕ್ಕೂ ನಡುವಿನ ಅಂತರ ಅವರಿಗೆ ಒಪ್ಪಿಗೆಯಾಯಿತು, ಎಸ್ಟಿಮೇಟಿನ 2.29 ಮೀರಿದ್ದು ಮಾತ್ರ ಒಪ್ಪಿಗೆಯಾಗಲಿಲ್ಲ, ಅದು ನ್ಯಾಯವೇ ಆಗಿತ್ತು. ಡಿಪೋದ ಚೀಟಿಯಲ್ಲಿ ಬರೆದುಕೊಟ್ಟ ಮಾತು ಎಂದು ಯಜಮಾನರು ಹೆಚ್ಚುವರಿಯ ಅರ್ಧವನ್ನು ಬಿಟ್ಟರು, ಬಿಟ್ಟದ್ದನ್ನು ನನ್ನ ಸಂಬಳದಲ್ಲಿ ಎರಡು ಕಂತಿನಲ್ಲಿ ಹಿಡಿದರು. ಸೈಜ್ ಯಾರು ನೋಡುತ್ತಾರೆ ಎಂದವರ ಪಾಲಿಗೆ ಏನೂ ಬರಲಿಲ್ಲ.

ಈಗ ಯಾರು ಫೋನ್ ಮಾಡಿದರೂ ಚೀಟಿಯಲ್ಲಿ ಎರಡು ಸಾಲು ಬರೆಯುತ್ತೇನೆ. ಮೇಲಿನದು ರೆಡಿ ಅಳತೆ, ಅದರ ಕೆಳಗೆ ಕೊಯ್ಲಿನ ಅಳತೆ, ಹಣ ಎರಡನೆಯದಕ್ಕೆ. ಸಾಫ್ಟ್‌ವೇರಿನವರು ಮುಂದಿನ ಅಪ್‌ಡೇಟಿನಲ್ಲಿ ಸರಿಮಾಡುತ್ತೇವೆ ಎಂದು ಹೇಳಿ ಒಂದು ವರ್ಷವಾಯಿತು. ಅಲ್ಲಿಯವರೆಗೆ ಪ್ರತಿ ಬಿಲ್ಲಿನ 5ರ ಪಕ್ಕದಲ್ಲೂ 3ರ ಪಕ್ಕದಲ್ಲೂ ನಾನೇ ನೀಲಿ ಪೆನ್ನಿನಿಂದ ¼ ಎಂದು ಬರೆದು ಸಹಿ ಹಾಕುತ್ತಿದ್ದೇನೆ.